ಮಧುಮೇಹ ಇರುವವರಿಗೆ ಮಧ್ಯಾಹ್ನದ ಅನ್ನದ ಊಟ: ಅಳತೆ, ಜೊತೆ ಮತ್ತು ಬೇಯಿಸುವ ಕ್ರಮ

ಭತ್ತ ಬೆಳೆಯುವ ಕಾಲುವೆ ಪ್ರದೇಶದ ಮನೆಗಳಲ್ಲಿ ಮಧುಮೇಹ ಪತ್ತೆಯಾದ ಕೂಡಲೇ ಕೇಳಿಬರುವ ಮೊದಲ ಮಾತು, “ಇನ್ನು ಅನ್ನ ಬಿಡಬೇಕು” ಎಂಬುದಾಗಿದೆ. ಕೆಲವರು ಹದಿನೈದು ದಿನ ಅನ್ನ ಬಿಟ್ಟು, ಗದ್ದೆ ಕೆಲಸದ ಹಸಿವು ತಾಳಲಾರದೆ ಮತ್ತೆ ಹಿಂದಿನ ಪ್ರಮಾಣಕ್ಕೇ ಮರಳುತ್ತಾರೆ. ಇನ್ನು ಕೆಲವರು ಮಾತ್ರೆಯನ್ನು ಮೊದಲಿನಂತೆಯೇ ನುಂಗುತ್ತಾ ಊಟವನ್ನು ಒಮ್ಮೆಲೇ ಕಡಿತಗೊಳಿಸಿ, ಹೊಲದಲ್ಲಿ ತಲೆ ಸುತ್ತಿ ಬೀಳುತ್ತಾರೆ. ಈ ಎರಡೂ ಮಾರ್ಗಗಳು ಅನಗತ್ಯ. ಅನ್ನ, ಹುಳಿ, ಸಾರು, ಪಲ್ಯ, ಮಜ್ಜಿಗೆಯ ಊಟವನ್ನು ಅದರ ಸ್ವರೂಪ ಕೆಡದಂತೆ ಮಧುಮೇಹಕ್ಕೆ ಹೊಂದಿಸಿಕೊಳ್ಳಲು ಸಾಧ್ಯವಿದೆ. ಅದರ ವಿಧಾನವನ್ನು ಒಂದು ಮನೆಯ ಲೆಕ್ಕದ ಮೂಲಕ ಇಲ್ಲಿ ವಿವರಿಸಲಾಗಿದೆ.

ಆರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ತಟ್ಟೆಯಲ್ಲಿರುವ ಅನ್ನದ ಪ್ರಮಾಣವೇ ಎಲ್ಲಕ್ಕಿಂತ ಹೆಚ್ಚಿನ ಪರಿಣಾಮ ಬೀರುತ್ತದೆ. ಅನ್ನದ ಜೊತೆ ಏನನ್ನು, ಯಾವ ಕ್ರಮದಲ್ಲಿ ಉಣ್ಣುತ್ತೇವೆ ಎಂಬುದು ಎರಡನೆಯದು. ಬೇಯಿಸುವ ವಿಧಾನ ಮತ್ತು ಅಕ್ಕಿಯ ತಳಿ ನಂತರದ ಸ್ಥಾನದಲ್ಲಿವೆ. ಆದರೆ ವಾಸ್ತವದಲ್ಲಿ ಜನರು ಈ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಅಕ್ಕಿಯ ತಳಿ ಬದಲಾಯಿಸುತ್ತಾರೆ, ಅಳತೆಯನ್ನು ಮಾತ್ರ ಮುಟ್ಟುವುದಿಲ್ಲ.

1. ಅಳತೆ: ಅನ್ನ ಎಲ್ಲಿ ಹೆಚ್ಚಾಗುತ್ತದೆ?

ನಮ್ಮ ಊಟದಲ್ಲಿ ಅನ್ನವನ್ನು ಒಂದು ಸಲ ಬಡಿಸುವುದಿಲ್ಲ. ಹುಳಿಗೆ ಒಂದು ಸಲ, ಸಾರಿಗೆ ಒಂದು ಸಲ, ಕೊನೆಯಲ್ಲಿ ಮಜ್ಜಿಗೆಗೆ ಇನ್ನೊಂದು ಸಲ, ಹೀಗೆ ಮೂರು ಬಾರಿ ಬಡಿಸುತ್ತೇವೆ. ಪ್ರತಿ ಸಲವೂ “ಸ್ವಲ್ಪವೇ” ಹಾಕಿಸಿಕೊಂಡಂತೆ ಅನಿಸುತ್ತದೆ. ಆದ್ದರಿಂದ “ಎಷ್ಟು ಅನ್ನ ಉಣ್ಣುತ್ತೀರಿ?” ಎಂದು ಕೇಳಿದರೆ ನಿಜವಾದ ಪ್ರಮಾಣ ತಿಳಿಯುವುದಿಲ್ಲ. ಅದನ್ನು ತೂಗಿಯೇ ನೋಡಬೇಕು.

ಐವರಿರುವ ಒಂದು ರೈತ ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಧ್ಯಾಹ್ನಕ್ಕೆ 600 ಗ್ರಾಂ ಅಕ್ಕಿಯನ್ನು ಕುಕ್ಕರಿನಲ್ಲಿ ಬೇಯಿಸುತ್ತಾರೆ. ಮಧುಮೇಹವಿರುವ 52 ವರ್ಷದ ಯಜಮಾನರ ತಟ್ಟೆಗೆ ಬೀಳುವ ಅನ್ನವನ್ನು ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿದಾಗ ಹುಳಿಗೆ 180, ಸಾರಿಗೆ 140, ಮಜ್ಜಿಗೆಗೆ 130 ಗ್ರಾಂ ಬಂದಿತೆಂದುಕೊಳ್ಳೋಣ. ಒಟ್ಟು 450 ಗ್ರಾಂ ಆಯಿತು. ಬೆಂದ ಅನ್ನದ ಪ್ರತಿ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಅಂದರೆ ಅವರ ಅನ್ನವೊಂದರಲ್ಲಿಯೇ 126 ಗ್ರಾಂ ಶರ್ಕರಪಿಷ್ಟವಿದೆ. ಜೀರ್ಣವಾದಾಗ ಇದೆಲ್ಲವೂ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ.

ಇಂತಹವರಿಗೆ ಆರಂಭದ ಗುರಿಯಾಗಿ 200 ಗ್ರಾಂ ಅನ್ನವನ್ನು ಇಟ್ಟುಕೊಳ್ಳಬಹುದು. ಇದನ್ನು ಹುಳಿಗೆ 120, ಸಾರಿಗೆ 80 ಗ್ರಾಂ ಎಂದು ಹಂಚಿಕೊಳ್ಳಬೇಕು. ಮೂರನೆಯ ಬಾರಿ ಅನ್ನ ಬೇಡ. ಮಜ್ಜಿಗೆಯನ್ನು ಲೋಟದಲ್ಲಿ ಕುಡಿದು ಊಟ ಮುಗಿಸಬೇಕು. ಎರಡು ಬಾರಿ ಬಡಿಸಿಕೊಳ್ಳುವ ಅಭ್ಯಾಸ ಉಳಿಯುವುದರಿಂದ ಊಟ ಅಪೂರ್ಣವೆನಿಸುವುದಿಲ್ಲ. ಬಹಳ ಕಾಲದಿಂದ ಹೆಚ್ಚು ಅನ್ನ ಉಣ್ಣುತ್ತಿರುವವರು ಮೊದಲ ವಾರ 320, ಮುಂದಿನ ವಾರ 260, ಆ ನಂತರ 200 ಗ್ರಾಂ ಎಂದು ಹಂತ ಹಂತವಾಗಿ ಇಳಿಸುವುದು ಸೂಕ್ತ.

ಪ್ರತಿದಿನ ತೂಗುವ ಅಗತ್ಯವಿಲ್ಲ. ಒಂದು ದಿನ 120 ಮತ್ತು 80 ಗ್ರಾಂ ಅನ್ನವನ್ನು ತೂಗಿ, ಅದು ಮನೆಯ ಯಾವ ಬಟ್ಟಲಿನಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತಿಸಿಕೊಂಡರೆ ಸಾಕು. ಆದರೆ ಅಕ್ಕಿ ಬದಲಾದಾಗ ಮತ್ತೊಮ್ಮೆ ತೂಗಬೇಕು. ಹಳೆಯ ಅಕ್ಕಿ ಹೆಚ್ಚು ನೀರು ಹೀರಿ ಅರಳುತ್ತದೆ, ಹೊಸ ಅಕ್ಕಿ ಮುದ್ದೆಯಾಗಿ ಒತ್ತಾಗಿ ಕೂರುತ್ತದೆ. ಹೀಗಾಗಿ ಅದೇ ಬಟ್ಟಲಿನಲ್ಲಿ ಹೊಸ ಅಕ್ಕಿಯ ಅನ್ನ ಹೆಚ್ಚು ಹಿಡಿಸುತ್ತದೆ.

ಇನ್ನೊಂದು ಎಚ್ಚರಿಕೆ ಅಡುಗೆ ಮಾಡುವವರಿಗೆ ಸಂಬಂಧಿಸಿದ್ದು. ಒಬ್ಬರ ತಟ್ಟೆಯಲ್ಲಿ 250 ಗ್ರಾಂ ಅನ್ನ ಕಡಿಮೆಯಾದರೆ, ಪಾತ್ರೆಗೆ ಹಾಕುವ ಅಕ್ಕಿಯೂ ಸುಮಾರು 90 ಗ್ರಾಂ ಕಡಿಮೆಯಾಗಬೇಕು. ಈ ಮನೆಯಲ್ಲಿ 600ರ ಬದಲು 510 ಗ್ರಾಂ ಅಕ್ಕಿ ಹಾಕಬೇಕು. ಹಿಂದಿನಷ್ಟೇ ಬೇಯಿಸಿದರೆ ಉಳಿದ ಅನ್ನ “ಹಾಳಾಗಬಾರದು” ಎಂಬ ಕಾರಣಕ್ಕೆ ರಾತ್ರಿ ಅದೇ ತಟ್ಟೆಗೆ ಬರುತ್ತದೆ.

2. ಜೊತೆ: ತೆಗೆದ ಅನ್ನದ ಜಾಗದಲ್ಲಿ ಏನು?

ಅನ್ನ ಕಡಿಮೆ ಮಾಡಿ ಬೇರೇನನ್ನೂ ಸೇರಿಸದಿದ್ದರೆ ಸಂಜೆ ನಾಲ್ಕಕ್ಕೆ ಹಸಿವಾಗುತ್ತದೆ. ಆಗ ಮಂಡಕ್ಕಿ, ಬಿಸ್ಕತ್ತು, ಸಕ್ಕರೆ ಹಾಕಿದ ಚಹಾ ಬರುತ್ತವೆ, ಮಧ್ಯಾಹ್ನದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ತೆಗೆದ ಅನ್ನದ ಜಾಗವನ್ನು ಬೇಳೆ, ತರಕಾರಿ, ಸೊಪ್ಪು ಮತ್ತು ಮಜ್ಜಿಗೆಯಿಂದ ತುಂಬಬೇಕು. ಇವುಗಳ ನಾರಿನಂಶ ಮತ್ತು ಪ್ರೋಟೀನ್ ಹೊಟ್ಟೆಯಿಂದ ಆಹಾರ ಕರುಳಿಗೆ ಸಾಗುವುದನ್ನು ನಿಧಾನಗೊಳಿಸುತ್ತವೆ. ಅದರಿಂದ ಗ್ಲೂಕೋಸ್ ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನವಾಗಿ ಸೇರುತ್ತದೆ.

ಮೇಲಿನ ಯಜಮಾನರ ಊಟದ ಹಿಂದಿನ ಮತ್ತು ಬದಲಾದ ಲೆಕ್ಕ ಹೀಗಿದೆ.

| ಪದಾರ್ಥ | ಹಿಂದಿನ ಊಟ | ಶರ್ಕರಪಿಷ್ಟ (ಗ್ರಾಂ) | ಬದಲಾದ ಊಟ | ಶರ್ಕರಪಿಷ್ಟ (ಗ್ರಾಂ) |
|---|---|---|---|---|
| ಅನ್ನ | 450 ಗ್ರಾಂ | 126 | 200 ಗ್ರಾಂ | 56 |
| ಹುಳಿ, ಸಾರಿನ ತೊಗರಿಬೇಳೆ | 10 ಗ್ರಾಂ | 6 | 25 ಗ್ರಾಂ | 15 |
| ಹೆಸರುಬೇಳೆ ಕೋಸಂಬರಿ | ಇಲ್ಲ | 0 | 15 ಗ್ರಾಂ ಬೇಳೆ | 8 |
| ಹುರುಳಿಕಾಯಿ ಅಥವಾ ಸೊಪ್ಪಿನ ಪಲ್ಯ | 40 ಗ್ರಾಂ | 2 | 150 ಗ್ರಾಂ | 7 |
| ಮಜ್ಜಿಗೆ | ಅನ್ನಕ್ಕೆ ಕಲಸಿ | 3 | ದೊಡ್ಡ ಲೋಟ | 4 |
| ಒಟ್ಟು (ಅಂದಾಜು) | | 137 | | 90 |

ಬೇಳೆಗಳ ತೂಕವನ್ನು ಒಣ ಬೇಳೆಯ ಲೆಕ್ಕದಲ್ಲಿ ಕೊಡಲಾಗಿದೆ. ಒಟ್ಟಿನಲ್ಲಿ ಸುಮಾರು 47 ಗ್ರಾಂ ಶರ್ಕರಪಿಷ್ಟ ಕಡಿಮೆಯಾಗಿದೆ, ಆದರೆ ತಟ್ಟೆ ಬರಿದಾಗಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯ ಹುಳಿಯ ಹದ. ತಿಳಿಸಾರು ರುಚಿ ಕೊಡುತ್ತದೆಯೇ ಹೊರತು ಅದರಲ್ಲಿ ಬೇಳೆ ಬಹಳ ಕಡಿಮೆ. ತಿಳಿಸಾರನ್ನು ಸುರಿದುಕೊಂಡಷ್ಟೂ ಅದನ್ನು ಹೀರಲು ಅನ್ನ ಹೆಚ್ಚು ಬೇಕಾಗುತ್ತದೆ. ಬೇಳೆ ಮತ್ತು ತರಕಾರಿ ತುಂಬಿದ ಗಟ್ಟಿ ಹುಳಿಯಾದರೆ ಕಡಿಮೆ ಅನ್ನಕ್ಕೆ ಸಾಕಾಗುತ್ತದೆ. ಹುಳಿಗೆ ಆಲೂಗಡ್ಡೆ, ಗೆಣಸಿನ ಬದಲು ನುಗ್ಗೆಕಾಯಿ, ಬದನೆ, ಸೋರೆಕಾಯಿ, ಹೀರೆಕಾಯಿ, ದಂಟು ಹಾಕಬೇಕು. ಆಲೂಗಡ್ಡೆ ಪಲ್ಯವನ್ನು ತರಕಾರಿ ಎಂದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಅದು ಅನ್ನದ ಪಾಲಿಗೆ ಸೇರಬೇಕಾದ ಪದಾರ್ಥ.

ಉಣ್ಣುವ ಕ್ರಮಕ್ಕೂ ಪರಿಣಾಮವಿದೆ. ಮೊದಲು ಕೋಸಂಬರಿ, ಪಲ್ಯ ಮತ್ತು ಅರ್ಧ ಬಟ್ಟಲು ಹುಳಿಯನ್ನು ಬರಿದಾಗಿ ತಿಂದು, ಹತ್ತು ನಿಮಿಷದ ನಂತರ ಅನ್ನಕ್ಕೆ ಕೈ ಹಾಕಿದರೆ, ಅದೇ ಪದಾರ್ಥಗಳನ್ನು ಅನ್ನದಿಂದ ಆರಂಭಿಸಿ ಉಂಡದ್ದಕ್ಕಿಂತ ಸಕ್ಕರೆ ಕಡಿಮೆ ಏರುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ. ಎಲೆಯೂಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ಪದ್ಧತಿ ನಮಗೆ ಪರಿಚಿತವೇ ಆಗಿದೆ. ಬಡಿಸಿದ್ದನ್ನು ಅನ್ನ ಬರುವ ಮೊದಲೇ ತಿನ್ನುವುದಷ್ಟೇ ಹೊಸದು.

ಗದ್ದೆಯಲ್ಲಿ ಮೈಮುರಿದು ದುಡಿಯುವವರಿಗೆ ಈ ಊಟದಲ್ಲಿ ಶಕ್ತಿಯ ಕೊರತೆ ಉಂಟಾಗಬಹುದು. ಅನ್ನದಿಂದ ಸುಮಾರು 300 ಕಿಲೋ ಕ್ಯಾಲೊರಿ ಕಡಿಮೆಯಾಗಿ, ಬೇಳೆಗಳಿಂದ ಅದರ ಮೂರನೇ ಒಂದು ಭಾಗದಷ್ಟು ಮಾತ್ರ ಮರಳಿ ಬಂದಿರುತ್ತದೆ. ಅಂತಹವರು ಊಟದ ಜೊತೆ ಒಂದು ಬೇಯಿಸಿದ ಮೊಟ್ಟೆಯನ್ನು, ಇಲ್ಲವೆ ಸಂಜೆ ಒಂದು ಹಿಡಿ, ಅಂದರೆ ಸುಮಾರು 25 ಗ್ರಾಂ, ಹುರಿದ ಶೇಂಗಾವನ್ನು ಸೇರಿಸಿಕೊಳ್ಳಬೇಕು. ದೇಹದ ತೂಕ ಹೆಚ್ಚಿದ್ದು, ಶ್ರಮದ ಕೆಲಸ ಇಲ್ಲದವರಿಗೆ ಈ ಸೇರ್ಪಡೆ ಬೇಕಾಗಿಲ್ಲ.

ಅನ್ನದ ಬದಲು ಮುದ್ದೆ ಉಂಡರೆ? ಈ ಪ್ರಶ್ನೆ ಪದೇ ಪದೇ ಬರುತ್ತದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಅಕ್ಕಿಗಿಂತ ಹೆಚ್ಚು ಎಂಬುದು ನಿಜ. ಆದರೆ 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಇದು 200 ಗ್ರಾಂ ಅನ್ನದಲ್ಲಿರುವುದಕ್ಕಿಂತಲೂ ಹೆಚ್ಚು. ನುಣ್ಣಗೆ ಬೀಸಿದ ಹಿಟ್ಟು ಬೇಗನೆ ಜೀರ್ಣವಾಗುತ್ತದೆ ಕೂಡ. ಮುದ್ದೆಯನ್ನೂ ಅಳತೆ ಮಾಡಿ, ಅನ್ನದ ಬದಲಾಗಿ ಉಣ್ಣಬೇಕು. ಮುದ್ದೆ ಉಂಡ ಮೇಲೆ “ಬಾಯಿಗೆ ಒಂದಿಷ್ಟು ಅನ್ನ” ಎಂದು ಸೇರಿಸಿದರೆ ಲೆಕ್ಕ ತಪ್ಪುತ್ತದೆ.

3. ಬೇಯಿಸುವ ಕ್ರಮ: ಎಷ್ಟು ಲಾಭ, ಎಲ್ಲಿ ಮಿತಿ?

ಅಕ್ಕಿಯ ಪಿಷ್ಟದ ಕಣಗಳು ಬಿಸಿ ನೀರಿನಲ್ಲಿ ಉಬ್ಬಿ ಒಡೆಯುತ್ತವೆ. ಹೆಚ್ಚು ಒಡೆದಷ್ಟೂ ಜೀರ್ಣರಸಗಳಿಗೆ ಕೆಲಸ ಸುಲಭವಾಗುತ್ತದೆ, ಸಕ್ಕರೆ ಬೇಗ ಏರುತ್ತದೆ. ಆದ್ದರಿಂದ ಅನ್ನವು ಅಗುಳು ಅಗುಳಾಗಿರಬೇಕು. ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿದಾಗ ಒಳಗೆ ಬಿಳಿಯ ಗಟ್ಟಿ ಚುಕ್ಕೆ ಉಳಿದಿರಬಾರದು, ಹಾಗೆಯೇ ಅದು ಅಂಟಿನಂತೆ ನುಣ್ಣಗಾಗಲೂಬಾರದು. ಈ ಹದದಲ್ಲಿ ಇಳಿಸಬೇಕು. ಕುಕ್ಕರಿನಲ್ಲಿ ಅನ್ನ ಮುದ್ದೆಯಾಗುತ್ತಿದ್ದರೆ ನೀರನ್ನೂ ಸೀಟಿಯನ್ನೂ ಕಡಿಮೆ ಮಾಡಿ ನೋಡಬೇಕು. ಅನ್ನವನ್ನು ಹಿಸುಕಿ ಕಲಸುವುದು, ಗಂಜಿ ಮಾಡಿ ಕುಡಿಯುವುದು ಮಧುಮೇಹಿಗಳಿಗೆ ಹಿತವಲ್ಲ.

ತೆರೆದ ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು ಬೇಯಿಸಿ ಗಂಜಿ ಬಸಿಯುವ ಹಳೆಯ ಕ್ರಮ ಒಳ್ಳೆಯದು. ಒಂದಿಷ್ಟು ಪಿಷ್ಟ ಗಂಜಿಯೊಂದಿಗೆ ಹೊರಹೋಗುತ್ತದೆ, ಅಗುಳೂ ಬಿಡಿಬಿಡಿಯಾಗಿ ಉಳಿಯುತ್ತದೆ. ಆದರೆ ಹೊರಹೋಗುವ ಪಿಷ್ಟದ ಪ್ರಮಾಣ ಸಣ್ಣದು, ಜೊತೆಗೆ ಕೆಲವು ಬಿ ಜೀವಸತ್ವಗಳೂ ಹೋಗುತ್ತವೆ. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಅದೇ ವ್ಯಕ್ತಿ ಕುಡಿದರೆ ಬಸಿದದ್ದರಿಂದ ಏನೂ ಪ್ರಯೋಜನವಿಲ್ಲ. ಅದನ್ನು ದನಗಳ ಕಲಗಚ್ಚಿಗೆ ಸೇರಿಸುವುದು ಲೇಸು.

ಬೇಯಿಸಿದ ಅನ್ನವನ್ನು ತಣ್ಣಗಾಗಿಸಿ ಮತ್ತೆ ಬಿಸಿ ಮಾಡಿ ಉಣ್ಣುವ ಸಲಹೆ ಈಗ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ಸತ್ಯಾಂಶವಿದೆ. ತಂಪಿನಲ್ಲಿ ಪಿಷ್ಟದ ಒಂದು ಭಾಗ ಮತ್ತೆ ಬಿಗಿಯಾಗಿ ಜೋಡಣೆಗೊಂಡು ಜೀರ್ಣವಾಗದ ಪಿಷ್ಟವಾಗಿ ಬದಲಾಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅನ್ನವನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟು ಬಿಸಿ ಮಾಡಿದಾಗ, 100 ಗ್ರಾಂ ಅನ್ನದಲ್ಲಿ ಇಂತಹ ಪಿಷ್ಟ ಸುಮಾರು 0.6 ಗ್ರಾಂನಿಂದ 1.7 ಗ್ರಾಂಗೆ ಏರಿತು, ಉಂಡವರ ಸಕ್ಕರೆಯ ಏರಿಕೆಯೂ ಸ್ವಲ್ಪ ತಗ್ಗಿತು. ಆದರೆ ಲೆಕ್ಕ ಹಾಕಿ ನೋಡಿದರೆ, 200 ಗ್ರಾಂ ಅನ್ನದಲ್ಲಿ ಹೀಗೆ ಕಡಿಮೆಯಾಗುವ ಪಿಷ್ಟ ಸುಮಾರು 2 ಗ್ರಾಂ ಮಾತ್ರ. “ತಣಿಸಿದ ಅನ್ನವಲ್ಲವೇ” ಎಂದು 80 ಗ್ರಾಂನ ಇನ್ನೊಂದು ಸೌಟು ಹಾಕಿಕೊಂಡರೆ 22 ಗ್ರಾಂ ಶರ್ಕರಪಿಷ್ಟ ಒಳಸೇರುತ್ತದೆ.

ಫ್ರಿಜ್ ಇಲ್ಲದ ಮನೆಯವರು ಈ ವಿಧಾನ ಅನುಸರಿಸಬಾರದು. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಉತ್ಪಾದಿಸುವ ವಾಂತಿಕಾರಕ ವಿಷವು ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ವಾಂತಿ ಭೇದಿಯಾದಾಗ ಮಧುಮೇಹದ ಹತೋಟಿ ಬೇಗನೆ ತಪ್ಪುತ್ತದೆ. ಫ್ರಿಜ್ ಇದ್ದವರು ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಒಳಗಿಟ್ಟು, ಮರುದಿನವೇ ಹಬೆಯಾಡುವಂತೆ ಬಿಸಿ ಮಾಡಿ ಮುಗಿಸಬೇಕು.

4. ಅಕ್ಕಿಯ ಆಯ್ಕೆ

ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಎರಡು ಬಗೆಗಳಿವೆ. ಅಮೈಲೋಸ್ ಹೆಚ್ಚಿರುವ ಅಕ್ಕಿಯ ಅನ್ನ ಉದುರಾಗಿದ್ದು ನಿಧಾನವಾಗಿ ಜೀರ್ಣವಾಗುತ್ತದೆ. ಅಂಟಂಟಾದ ಅನ್ನ ಕೊಡುವ ಅಕ್ಕಿಯಲ್ಲಿ ಅಮೈಲೋಪೆಕ್ಟಿನ್ ಹೆಚ್ಚು. ಒಂದು ಆಹಾರ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದನ್ನು ಅಳೆಯುವ ಗ್ಲೈಸೀಮಿಕ್ ಸೂಚ್ಯಂಕವು 55 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ ಎಂದೂ, 70 ಅಥವಾ ಮೇಲಿದ್ದರೆ ಹೆಚ್ಚು ಎಂದೂ ಪರಿಗಣಿಸುತ್ತಾರೆ. ಚೆನ್ನೈನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಸೋನಾ ಮಸೂರಿಯ ಸೂಚ್ಯಂಕ ಸುಮಾರು 72 ಬಂದಿತ್ತು. ತೆಲಂಗಾಣ ಸೋನಾ ಎಂದು ಹೆಸರಾದ ಆರ್.ಎನ್.ಆರ್. 15048 ತಳಿಯ ಸೂಚ್ಯಂಕ 51ರ ಆಸುಪಾಸಿನಲ್ಲಿದೆ ಎಂದು ವರದಿಯಾಗಿದೆ.

ಈ ಸಂಖ್ಯೆಗಳನ್ನು ಓದುವಾಗ ಒಂದು ವಿಷಯ ನೆನಪಿರಬೇಕು. ಸೂಚ್ಯಂಕವನ್ನು ನಿಗದಿತ ಪ್ರಮಾಣದ ಅನ್ನಕ್ಕೆ ಅಳೆಯುತ್ತಾರೆ. ಕಡಿಮೆ ಸೂಚ್ಯಂಕದ ಅಕ್ಕಿಯಲ್ಲಿಯೂ ಪಿಷ್ಟದ ತೂಕ ಬಹುತೇಕ ಅಷ್ಟೇ ಇರುತ್ತದೆ. ಅದನ್ನು ಎರಡು ಪಟ್ಟು ಉಂಡರೆ ಲಾಭ ಕರಗಿಹೋಗುತ್ತದೆ. ಆರ್.ಎನ್.ಆರ್. 15048ರ ಕಾಳು ಸಣ್ಣದಾದ್ದರಿಂದ ಬೇಗ ಬೆಂದು ಮೆತ್ತಗಾಗುವ ಸಂಭವವೂ ಇದೆ. “ಶುಗರ್ ಫ್ರೀ ಅಕ್ಕಿ” ಎಂದು ಮಾರುವ ಚೀಲಗಳಲ್ಲಿರುವುದೂ ಪಿಷ್ಟವೇ.

ಸ್ವಂತ ಭತ್ತವನ್ನು ಗಿರಣಿಗೆ ಒಯ್ಯುವ ರೈತರಿಗೆ ಒಂದು ಅನುಕೂಲವಿದೆ. ಮನೆ ಬಳಕೆಯ ಅಕ್ಕಿಗೆ ಪಾಲಿಶ್ ಕಡಿಮೆ ಮಾಡಿಸಿ ತೌಡಿನ ಪದರದ ಒಂದು ಭಾಗವನ್ನು ಉಳಿಸಿಕೊಳ್ಳಬಹುದು. ಇಂತಹ ಅಕ್ಕಿಯಲ್ಲಿ ನಾರು ಮತ್ತು ಬಿ ಜೀವಸತ್ವಗಳು ಹೆಚ್ಚು. ಆದರೆ ತೌಡಿನಲ್ಲಿರುವ ಎಣ್ಣೆಯಂಶ ಕಮಟು ವಾಸನೆಗೆ ತಿರುಗುವುದರಿಂದ ಒಮ್ಮೆಗೆ ಒಂದು ತಿಂಗಳಿಗೆ ಆಗುವಷ್ಟನ್ನು ಮಾತ್ರ ಗಿರಣಿ ಮಾಡಿಸಬೇಕು. ಕುಚ್ಚಲಕ್ಕಿ ರೂಢಿಯಿರುವ ಮನೆಯವರು ಅದನ್ನೇ ಮುಂದುವರಿಸಬಹುದು. ಅದನ್ನೂ ಗಂಜಿಯಾಗಿ ಅಲ್ಲದೆ ಬಸಿದ ಅನ್ನವಾಗಿ ಉಣ್ಣಬೇಕು.

5. ಫಲ ಕಂಡುಬಂದಿದೆಯೇ ಎಂದು ತಿಳಿಯುವುದು ಹೇಗೆ?

ಬದಲಾವಣೆಗೆ ಮೊದಲು ಎರಡು ದಿನ, ನಂತರ ಎರಡು ದಿನ ಗ್ಲೂಕೋಮೀಟರಿನಲ್ಲಿ ಪರೀಕ್ಷಿಸಬೇಕು. ಊಟಕ್ಕೆ ಸ್ವಲ್ಪ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎಣಿಸಿ ಎರಡು ಗಂಟೆಯ ನಂತರ ಮತ್ತೊಮ್ಮೆ ನೋಡಬೇಕು. ಕೈಗೆ ಬೆಲ್ಲ, ಹಣ್ಣಿನ ರಸ ಅಂಟಿದ್ದರೆ ಮೀಟರು ಸುಳ್ಳು ಏರಿಕೆ ತೋರಿಸುವುದರಿಂದ ಕೈ ತೊಳೆದು ಒರೆಸಿಕೊಂಡೇ ಪರೀಕ್ಷಿಸಬೇಕು. ಉದಾಹರಣೆಗೆ, ಹಿಂದಿನ ಊಟದಲ್ಲಿ 132 ಇದ್ದದ್ದು 246ಕ್ಕೆ ಏರಿದ್ದರೆ ಏರಿಕೆ 114. ಬದಲಾದ ಊಟದಲ್ಲಿ 128 ಇದ್ದದ್ದು 186 ಆದರೆ ಏರಿಕೆ 58. ಊಟದ ನಂತರ 180 ಮಿ.ಗ್ರಾಂ.ಗಿಂತ ಕೆಳಗಿರಬೇಕು ಎಂಬುದು ಸಾಮಾನ್ಯ ಗುರಿ. ವಯಸ್ಸು ಮತ್ತು ಇತರ ಕಾಯಿಲೆಗಳಿಗೆ ಅನುಗುಣವಾಗಿ ವೈದ್ಯರು ಇದನ್ನು ಬದಲಿಸಬಹುದು.

ಅಳತೆಗೆ ತಕ್ಕಂತೆ ಉಂಡರೂ ಏರಿಕೆ ಇಳಿಯದಿದ್ದರೆ ಮೊದಲು ಮರೆತ ಪದಾರ್ಥಗಳನ್ನು ಹುಡುಕಬೇಕು. ಹಪ್ಪಳ, ಊಟವಾದ ಮೇಲಿನ ಬಾಳೆಹಣ್ಣು, ಸಾರಿಗೆ ಹಾಕಿದ ಬೆಲ್ಲ ಸಾಮಾನ್ಯವಾಗಿ ಲೆಕ್ಕದಿಂದ ಹೊರಗುಳಿದಿರುತ್ತವೆ. ಊಟದ ಮೊದಲೇ ಸಕ್ಕರೆ 200 ದಾಟಿದ್ದರೆ ದೋಷ ಮಧ್ಯಾಹ್ನದ ಅನ್ನದ್ದಷ್ಟೇ ಅಲ್ಲ. ಬೆಳಗಿನ ಚಿತ್ರಾನ್ನ, ಇಡ್ಲಿಗಳ ಪ್ರಮಾಣವನ್ನು ನೋಡಬೇಕು, ಔಷಧಿಯ ಬಗ್ಗೆ ವೈದ್ಯರನ್ನು ಕಾಣಬೇಕು.

6. ಅನ್ನ ಕಡಿಮೆ ಮಾಡುವ ಮುನ್ನ ಎಚ್ಚರಿಕೆ

ಇನ್ಸುಲಿನ್ ಪಡೆಯುವವರು ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್‌ನಂತಹ ಮಾತ್ರೆ ಸೇವಿಸುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಕಡಿಮೆ ಮಾಡಬಾರದು. ಅವರ ಔಷಧಿಯ ಪ್ರಮಾಣ ಹಳೆಯ ಊಟಕ್ಕೆ ಹೊಂದಿಕೊಂಡಿರುತ್ತದೆ. ಊಟ ಇಳಿದು ಔಷಧಿ ಹಾಗೆಯೇ ಉಳಿದರೆ, ಅದರ ಮೇಲೆ ನಾಟಿ ಅಥವಾ ಕೊಯ್ಲಿನ ಶ್ರಮವೂ ಸೇರಿದರೆ, ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈ ನಡುಕ, ಎದೆ ಬಡಿತ, ಕಣ್ಣು ಮಂಜಾಗುವುದು, ಮಾತು ತೊದಲುವುದು ಇದರ ಲಕ್ಷಣಗಳು. ಹೊಲದಲ್ಲಿ ಇವನ್ನು ಬಿಸಿಲಿನ ಬಳಲಿಕೆ ಎಂದು ತಪ್ಪಾಗಿ ತಿಳಿಯುವುದೇ ಹೆಚ್ಚು.

ಆಗ ಕೆಲಸ ನಿಲ್ಲಿಸಿ, ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ, ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ ಕುಡಿದು, ನಂತರ ಏನನ್ನಾದರೂ ತಿನ್ನಬೇಕು. ಗ್ಲೂಕೋಸ್ ಇಲ್ಲದಿದ್ದರೆ ಸಕ್ಕರೆ ಬಳಸಬಹುದು. ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಸೇವಿಸುವವರಲ್ಲಿ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ಅದರ ಒಂದು ಪೊಟ್ಟಣ ಇರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂತ್ರಪಿಂಡದ ತೊಂದರೆ ಇರುವವರಿಗೆ ಬೇಳೆ, ಸೊಪ್ಪು ಹೆಚ್ಚಿಸುವ ಮೇಲಿನ ಸಲಹೆ ಅನ್ವಯಿಸದೆ ಇರಬಹುದು. ಅವರು, ಗರ್ಭಿಣಿಯರು ಮತ್ತು ಮಧುಮೇಹವಿರುವ ಮಕ್ಕಳು ವೈದ್ಯರು ಅಥವಾ ಆಹಾರ ತಜ್ಞರು ಸೂಚಿಸಿದ ಊಟವನ್ನೇ ಅನುಸರಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮದಲ್ಲಿ ಈ ವಿಷಯ ತಿಳಿಸುವಾಗ ಭಾಷಣಕ್ಕಿಂತ ಒಂದು ತಕ್ಕಡಿ ಹೆಚ್ಚು ಉಪಯುಕ್ತ. ಭಾಗವಹಿಸಿದವರಲ್ಲಿ ಒಬ್ಬರು ತಾವು ದಿನನಿತ್ಯ ಉಣ್ಣುವಷ್ಟು ಅನ್ನವನ್ನು ಮೂರು ಬಾರಿ ಬಡಿಸಿಕೊಳ್ಳಲಿ. ಅದನ್ನು ಅವರ ಎದುರೇ ತೂಗಿ, ಪಕ್ಕದಲ್ಲಿ 200 ಗ್ರಾಂ ಅನ್ನ, ಗಟ್ಟಿ ಹುಳಿ, ಪಲ್ಯ, ಕೋಸಂಬರಿ, ಮಜ್ಜಿಗೆಯ ತಟ್ಟೆಯನ್ನು ಇಟ್ಟು ತೋರಿಸಬೇಕು. ಅಡುಗೆ ಮಾಡುವ ಮಹಿಳೆಯರು ಅಲ್ಲಿ ಇರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಪಾತ್ರೆಗೆ ಎಷ್ಟು ಅಕ್ಕಿ ಬೀಳಬೇಕು ಎಂಬುದು ಅವರ ಕೈಯಲ್ಲಿದೆ. ಯಾವ ಮಾತ್ರೆ ಸೇವಿಸುತ್ತಿದ್ದಾರೆ ಎಂದು ಮೊದಲೇ ಕೇಳಿ, ಮೇಲೆ ಹೇಳಿದ ಔಷಧಿಗಳಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದ ನಂತರವೇ ಅನ್ನದ ಅಳತೆಯ ಸಲಹೆ ನೀಡಬೇಕು. ಮಾತ್ರೆಯ ಪ್ರಮಾಣದ ಬಗ್ಗೆ ಯಾವುದೇ ಸಲಹೆಯನ್ನು ತಾವಾಗಿ ಕೊಡಬಾರದು.